ತಿರುಗ್ತಿರೋ ಗಾಲಿ ಕೆಳಗೆ ಬೀಳೋದು ಬಿಟ್ಟು ಪಕ್ಕಕ್ಕೆ ಯಾಕೆ ಹೋಗುತ್ತೆ? ಸೂತ್ರ ಗೊತ್ತು, ಕಾರಣ ಗೊತ್ತಾಗ್ತಿಲ್ಲ

ಹಳೇಗಾಲಿ

ಸೈಕಲ್ಲಿನ ಮುಂದಿನ ಗಾಲಿ ಬಿಚ್ಚಿ, ಆಕ್ಸೆಲ್‌ಗೆ ಒಂದು ಪೈಪ್ ತುಂಡು ಸೇರಿಸಿ, ಆ ತುದಿಗೆ ಹಗ್ಗ ಕಟ್ಟಿ ಮೇಲಿನ ಕೊಕ್ಕೆಗೆ ನೇತುಹಾಕಿದೀನಿ. ಹಗ್ಗದಿಂದ ಗಾಲಿ ನಡುವಿಗೆ ಸರಿಯಾಗಿ 10 ಸೆಂ.ಮೀ. ಟೈರ್ ಟ್ಯೂಬ್ ಸೇರಿ ತೂಕ 2 ಕೆ.ಜಿ., ಅರೆವ್ಯಾಸ 30 ಸೆಂ.ಮೀ. ಅಂತ ಇಟ್ಕೊಳಿ. ಸುಮ್ನೆ ಬಿಟ್ರೆ ಧಡ್ ಅಂತ ಕೆಳಗೆ ವಾಲುತ್ತೆ. ಜೋರಾಗಿ ತಿರುಗಿಸಿ, ಆಕ್ಸೆಲ್ ಅಡ್ಡಕ್ಕೆ ನೇರ ಹಿಡಿದು ಕೈ ಬಿಟ್ರೆ ಬೀಳಲ್ಲ, ಹಗ್ಗದ ಸುತ್ತ ನಿಧಾನಕ್ಕೆ ಒಂದು ಸುತ್ತು ಹಾಕುತ್ತೆ. ರಿಮ್ಮಿಗೆ ಟೇಪ್ ಅಂಟಿಸಿ ಮೊಬೈಲಲ್ಲಿ ಸ್ಲೋ ಮೋಷನ್ ತೆಗೆದು ಎಣಿಸಿದೆ, ಗಾಲಿ ಸೆಕೆಂಡಿಗೆ 4 ಸುತ್ತು, ಹಗ್ಗದ ಸುತ್ತ ಒಂದು ಪ್ರದಕ್ಷಿಣೆಗೆ ಸುಮಾರು 14 ಸೆಕೆಂಡ್.

ಬಲಗೈ ನಿಯಮ ಗೊತ್ತು, ಟಾರ್ಕ್ ಅಡ್ಡಕ್ಕಿದೆ ಆದ್ದರಿಂದ ಕೋನೀಯ ಸಂವೇಗ ಅಡ್ಡಕ್ಕೆ ವಾಲುತ್ತೆ ಅಂತ ಪರೀಕ್ಷೇಲಿ ಬರೆದು ಪಾಸೂ ಆಗಿದೀನಿ. ಆದ್ರೆ ಮಗಳು ಪಕ್ಕದಲ್ಲಿ ನಿಂತು "ಭೂಮಿ ಎಳೀತಿರೋದು ಕೆಳಕ್ಕೆ, ಇದು ಹೋಗ್ತಿರೋದು ಎಡಕ್ಕೆ, ಎಡಕ್ಕೆ ತಳ್ತಿರೋರು ಯಾರಪ್ಪ?" ಅಂದಾಗ ನನ್ನ ಹತ್ರ ಉತ್ತರ ಇರ್ಲಿಲ್ಲ. ಬಾಣದ ಗುರುತು ಬೇಡ. ರಿಮ್ಮಿನ ಒಂದು ತುಂಡು ಕಬ್ಬಿಣಕ್ಕೆ ಏನಾಗ್ತಿದೆ ಅಂತ ಯಾರಾದ್ರೂ ಹೇಳ್ತೀರಾ?

ಬಯಲುದಾರಿ

ಸಿಂಪಲ್ ಸರ್. ಜೋರಾಗಿ ತಿರುಗೋ ವಸ್ತುಗೆ ಗೈರೋಸ್ಕೋಪಿಕ್ ಬಲ ಅಂತ ಬರುತ್ತೆ, ಅದು ಗುರುತ್ವವನ್ನ ಸರಿದೂಗಿಸುತ್ತೆ, ಅದಕ್ಕೆ ಬೀಳಲ್ಲ. ವೇಗ ಕಮ್ಮಿ ಆದ್ರೆ ಆ ಬಲಾನೂ ಕಮ್ಮಿ, ಆಗ ಬೀಳುತ್ತೆ. ಬುಗುರೀಲೂ ಇದೇ.

ಎರಡುಗಾಲಿ

ಸೈಕಲ್ ಓಡ್ತಾ ಇದ್ರೆ ಬೀಳದೇ ಇರೋದು ಇದರಿಂದಾನೇ ಅಲ್ವಾ? ಗಾಲಿ ತಿರುಗ್ತಿರೋದ್ರಿಂದ ಸೈಕಲ್ ನೆಟ್ಟಗೆ ನಿಲ್ಲುತ್ತೆ. ನಿಂತಿದ್ದಾಗ ಬೀಳುತ್ತೆ. ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ತಲ್ಲ.

ತಿರುಗಣಿ

@ಎರಡುಗಾಲಿ ಅವರು ಕೇಳ್ತಿರೋದು ಬೇರೆ. ಸೈಕಲ್ ವಿಷಯದಲ್ಲಿ ಗಾಲಿ ತಿರುಗೋದಷ್ಟೇ ಕಾರಣ ಅಲ್ಲ. 1970ರಲ್ಲಿ ಡೇವಿಡ್ ಜೋನ್ಸ್ ಅನ್ನೋರು ಮುಂದಿನ ಗಾಲಿ ಪಕ್ಕದಲ್ಲೇ ಉಲ್ಟಾ ತಿರುಗೋ ಇನ್ನೊಂದು ಗಾಲಿ ಕೂಡಿಸಿ, ಆ ಪರಿಣಾಮವನ್ನ ಅಳಿಸಿಹಾಕಿ ಸೈಕಲ್ ಹೊಡೆದ್ರು, ಓಡ್ತು. ಅದನ್ನ ಇಲ್ಲಿಗೆ ಬಿಡೋಣ.

@ಬಯಲುದಾರಿ ನೀವು ಹೇಳಿದ್ದರಲ್ಲಿ ಅರ್ಧ ಸರಿ, ವೇಗ ಕಮ್ಮಿ ಆದ್ರೆ ಬೀಳೋದು ನಿಜ. ಆದ್ರೆ ಮೇಲಕ್ಕೆ ಎತ್ತೋ ಹೊಸ ಬಲ ಯಾವುದೂ ಇಲ್ಲಿ ಹುಟ್ಟಲ್ಲ. ಮೇಲಕ್ಕೆ ಎಳೀತಿರೋದು ಹಗ್ಗ ಒಂದೇ, ಅದು ಪೂರ್ತಿ 2 ಕೆ.ಜಿ. ಹೊರ್ತಿದೆ. ಕೆಳಕ್ಕೆ ಎಳೀತಿರೋದು ಭೂಮಿ. ಎರಡೂ ಸಮ, ಆದ್ರೆ ಒಂದೇ ಗೆರೆಯಲ್ಲಿಲ್ಲ, ನಡುವೆ 10 ಸೆಂ.ಮೀ. ಇದೆ. ಆ 10 ಸೆಂ.ಮೀ. ಇರೋದರಿಂದ್ಲೇ ಗಾಲಿ ವಾಲಬೇಕು ಅನ್ನೋ ತಿರುಚು ಹುಟ್ಟೋದು. ಅದನ್ನ ಯಾರೂ ಸರಿದೂಗಿಸ್ತಿಲ್ಲ, ಅದು ಪೂರ್ತಿ ಕೆಲಸ ಮಾಡ್ತಾನೇ ಇದೆ. ಆ ಕೆಲಸದ ಫಲ ನಮ್ಮ ಕಣ್ಣಿಗೆ ಪಕ್ಕದ ಚಲನೆಯಾಗಿ ಕಾಣುತ್ತೆ, ಅಷ್ಟೇ.

@ಹಳೇಗಾಲಿ ಈಗ ನಿಮ್ಮ ಕಬ್ಬಿಣದ ತುಂಡಿಗೆ ಬರೋಣ. ನಾನು ಲ್ಯಾಬಲ್ಲಿ ಮಕ್ಕಳಿಗೆ ಇದನ್ನ ವರ್ಷಗಟ್ಟಲೆ ಮಾಡಿಸಿದೀನಿ, ರಿಮ್ಮಿನ ಮೇಲೆ ಒಂದು ಇರುವೆ ಕೂತಿದೆ ಅಂದ್ಕೊಂಡ್ರೆ ಸುಲಭ. ಹಗ್ಗದ ತುದಿ ನಿಮ್ಮ ಕಡೆ, ಗಾಲಿ ನಿಮ್ಮಿಂದ ಆಚೆ ಇರೋ ಹಾಗೆ ನಿಂತ್ಕೊಳಿ. ಗಾಲಿ ಗಡಿಯಾರದ ಮುಳ್ಳಿನ ಥರ ತಿರುಗ್ತಿದೆ, ಅಂದ್ರೆ ಮೇಲಿರೋ ಭಾಗ ಬಲಕ್ಕೆ ಓಡುತ್ತೆ, ಬಲಗಡೆ ಭಾಗ ಕೆಳಗಿಳಿಯುತ್ತೆ. ಗಾಲಿ ವಾಲೋಕೆ ಹೊರಟ್ರೆ ಅದರ ತಲೆ ನಿಮ್ಮಿಂದ ಆಚೆ ಹೋಗ್ಬೇಕು, ಪಾದ ನಿಮ್ಮ ಕಡೆ ಬರ್ಬೇಕು. ಹಾಗಾಗಿ ಕಡ್ಡಿಗಳ ಮೂಲಕ ಆ ತಿರುಚು ಮೇಲರ್ಧದಲ್ಲಿರೋ ತುಂಡುಗಳನ್ನ ಆಚೆ ತಳ್ಳುತ್ತೆ, ಕೆಳಗರ್ಧದಲ್ಲಿರೋದನ್ನ ಈಚೆ ತಳ್ಳುತ್ತೆ.

ಗಾಲಿ ನಿಂತಿದ್ರೆ ತಲೇಲಿರೋ ತುಂಡು ತಲೇಲೇ ಇರುತ್ತೆ, ತಳ್ಳಿದ ಹಾಗೆಲ್ಲ ಆಚೆ ಹೋಗ್ತಾ ಇರುತ್ತೆ, ಗಾಲಿ ಕೆಳಗೆ ವಾಲುತ್ತೆ. ಅದು ಬೀಳೋದು. ತಿರುಗ್ತಿರುವಾಗ ನಮ್ಮ ಇರುವೆ ಎಡಗಡೆಯಿಂದ ಮೇಲರ್ಧಕ್ಕೆ ಹತ್ತುತ್ತೆ, ತಲೆ ದಾಟುತ್ತೆ, ಬಲಗಡೆಗೆ ಇಳಿಯುತ್ತೆ, ಅಷ್ಟು ದಾರಿಯುದ್ದಕ್ಕೂ ಅದಕ್ಕೆ ಆಚೆ ಕಡೆ ತಳ್ಳು ಬೀಳ್ತಾನೇ ಇರುತ್ತೆ. ತಳ್ಳು ಅತಿ ಜೋರಾಗಿರೋದು ತಲೇಲಿ, ಆದ್ರೆ ತಳ್ಳೆಲ್ಲ ಕೂಡಿ ಕೂಡಿ ಆಚೆ ಹೋಗೋ ವೇಗ ಅತಿ ಹೆಚ್ಚಾಗೋದು ಬಲಗಡೆ ತಲುಪಿದಾಗ. ಅಲ್ಲಿಂದ ಕೆಳಗರ್ಧ ಶುರು, ಈಚೆ ಕಡೆ ತಳ್ಳು, ಎಡಗಡೆ ತಲುಪೋ ಹೊತ್ತಿಗೆ ಈಚೆ ಬರೋ ವೇಗ ಅತಿ ಹೆಚ್ಚು. ಎಲ್ಲಾ ತುಂಡುಗಳಿಗೂ ಇದೇ ಕಥೆ. ಒಟ್ಟಿಗೆ ನೋಡಿದ್ರೆ ಗಾಲಿಯ ಬಲಗಡೆ ಆಚೆ ಹೋಗ್ತಿದೆ, ಎಡಗಡೆ ಈಚೆ ಬರ್ತಿದೆ. ಬಾಗಿಲು ಕೀಲಿನ ಮೇಲೆ ತಿರುಗಿದ ಹಾಗೆ ಗಾಲಿ ಲಂಬ ಗೆರೆಯ ಸುತ್ತ ತಿರುಗ್ತಿದೆ, ಆಕ್ಸೆಲ್ ಎಡಕ್ಕೆ ಹೋಗ್ತಿದೆ. ಎಡಕ್ಕೆ ತಳ್ತಿರೋರು ಯಾರೂ ಇಲ್ಲ ಅಂತ ಮಗಳಿಗೆ ಹೇಳಿ.

ಹಳೇಗಾಲಿ

ಮೇಡಂ, ಇದನ್ನ ಎರಡು ಸಲ ಓದಿ ಗಾಲಿ ಮುಂದೆ ನಿಂತು ಕೈಯಲ್ಲಿ ಹಾದಿ ತೋರಿಸ್ಕೊಂಡು ನೋಡಿದೆ. ಗಡಿಯಾರದ ಥರ ತಿರುಗಿಸಿದ್ರೆ ಎಡಕ್ಕೆ, ಉಲ್ಟಾ ತಿರುಗಿಸಿದ್ರೆ ಬಲಕ್ಕೆ. ಸರಿಯಾಗಿ ಹೊಂದುತ್ತೆ.

ಲೆಕ್ಕದಪುಸ್ತಕ

ಇರುವೆ ಕಥೆ ಚೆನ್ನಾಗಿದೆ, ಆದ್ರೆ ನಾನು ಅದನ್ನೇ ಹಿಡಿದು ಲೆಕ್ಕ ಹಾಕ್ದೆ, ತಾಳೆ ಆಗ್ತಿಲ್ಲ. ತಿರುಚು = 2 × 9.8 × 0.1, ಅಂದ್ರೆ 1.96. ಅದನ್ನ ರಿಮ್ಮಿನ ತುಂಡುಗಳಿಗೆ ಹಂಚಿದ್ರೆ ತಲೇಲಿರೋ ತುಂಡಿಗೆ ಆಚೆ ಕಡೆ ಸುಮಾರು 6.5 ಮೀ./ಸೆ.² ವೇಗೋತ್ಕರ್ಷ ಬೀಳುತ್ತೆ. ಸೆಕೆಂಡಿಗೆ 4 ಸುತ್ತು ಅಂದ್ರೆ ಗಾಲಿಯ ಕೋನೀಯ ವೇಗ ω = 25 ರೇಡಿಯನ್/ಸೆ. ಅರ್ಧ ಸುತ್ತಿನ ತಳ್ಳೆಲ್ಲ ಕೂಡಿದ್ರೆ ಬಲಗಡೆ ತಲುಪಿದಾಗ ಆಚೆ ಹೋಗೋ ವೇಗ 0.26 ಮೀ./ಸೆ. ಬರುತ್ತೆ. ಅರೆವ್ಯಾಸ 0.3 ಮೀ. ಆದ್ದರಿಂದ ಒಂದು ಪ್ರದಕ್ಷಿಣೆಗೆ 7 ಸೆಕೆಂಡ್ ಚಿಲ್ಲರೆ. ಅವರು ಅಳೆದಿದ್ದು 14. ಸರಿಯಾಗಿ ಎರಡು ಪಟ್ಟು ವ್ಯತ್ಯಾಸ, ಇದು ಅಳತೆ ತಪ್ಪಿನಿಂದ ಬರೋ ವ್ಯತ್ಯಾಸ ಅಲ್ಲ. ನಿಮ್ಮ ವಿವರಣೇಲೇ ಏನೋ ಬಿಟ್ಟುಹೋಗಿದೆ.

ಬಯಲುದಾರಿ

ಅದಕ್ಕೇ ಸೂತ್ರ ಹಾಕ್ಬೇಕು ಅನ್ನೋದು. ಪ್ರದಕ್ಷಿಣೆಯ ಕೋನೀಯ ವೇಗ Ω = g·d / (r²·ω), d ಅಂದ್ರೆ ಆ 10 ಸೆಂ.ಮೀ., r ಅರೆವ್ಯಾಸ. ಹಾಕಿದ್ರೆ 0.43, ಸುತ್ತಿಗೆ 14.5 ಸೆಕೆಂಡ್. ಮುಗೀತು.

ತಿರುಗಣಿ

@ಲೆಕ್ಕದಪುಸ್ತಕ ಲೆಕ್ಕ ಹಾಕಿದ್ದಕ್ಕೆ ತುಂಬಾ ಖುಷಿ ಆಯ್ತು, ಯಾಕಂದ್ರೆ ಹೆಚ್ಚಿನವರು ಇರುವೆ ಕಥೆ ಕೇಳಿ ತಲೆದೂಗಿ ಹೋಗ್ತಾರೆ, ಅದರೊಳಗೆ ಅರ್ಧ ಕಾಣೆಯಾಗಿರೋದು ಗೊತ್ತೇ ಆಗಲ್ಲ. ನಾನು ಅದನ್ನ ಹೇಳದೇ ಬಿಟ್ಟಿದ್ದೆ, ತಪ್ಪು ನಂದೇ.

ಏನು ಬಿಟ್ಟುಹೋಗಿದೆ ಅಂದ್ರೆ, ಇರುವೆ ತಲೆ ದಾಟುವಾಗ ಬಲಕ್ಕೆ ಓಡ್ತಿದೆ, ಸೆಕೆಂಡಿಗೆ 7.5 ಮೀಟರ್. ಅದೇ ಹೊತ್ತಿಗೆ ಗಾಲಿಯ ಸಮತಲವೇ ತಿರುಗ್ತಿದೆ, ಬಲಗಡೆ ಅನ್ನೋ ದಿಕ್ಕೇ ಸ್ವಲ್ಪ ಸ್ವಲ್ಪವಾಗಿ ಆಚೆ ಕಡೆ ವಾಲ್ತಿದೆ. ಹಾಗಾಗಿ ಆ 7.5 ಮೀಟರಿನ ಓಟವನ್ನೂ ಆಚೆ ಕಡೆ ತಿರುಗಿಸ್ಬೇಕು, ಅದಕ್ಕೂ ತಳ್ಳು ಬೇಕು. ಸಿಗೋ ತಳ್ಳಿನಲ್ಲಿ ಸರಿಯಾಗಿ ಅರ್ಧ ಈ ಓಟದ ದಿಕ್ಕು ಬದಲಿಸೋಕೆ ಖರ್ಚಾಗುತ್ತೆ, ಉಳಿದರ್ಧ ಮಾತ್ರ ಬಲಗಡೆ ತಲುಪಿದಾಗ ಆಚೆ ಹೋಗೋ ವೇಗವಾಗಿ ಉಳಿಯುತ್ತೆ. ಅಂದ್ರೆ 0.26 ಅಲ್ಲ, 0.13 ಮೀ./ಸೆ. ಈಗ ಪ್ರದಕ್ಷಿಣೆಗೆ 14.5 ಸೆಕೆಂಡ್ ಬಂತು, @ಬಯಲುದಾರಿ ಸೂತ್ರದಲ್ಲಿ ಬಂದಿದ್ದೂ ಅಷ್ಟೇ. ನೆಲಕ್ಕೆ ಸಮನಾಗಿ ತಿರುಗ್ತಿರೋ ದುಂಡು ಹಲಗೆ ಮೇಲೆ ನಡುವಿಂದ ಅಂಚಿಗೆ ನೇರ ನಡೆಯೋಕೆ ನೋಡಿದ್ರೆ ಪಕ್ಕಕ್ಕೆ ಎರಡು ಪಟ್ಟು ಬಲ ಬೇಕಾಗುತ್ತಲ್ಲ, ಕೊರಿಯಾಲಿಸ್‌ನಲ್ಲಿ ಬರೋ ಆ 2, ಅದೇ ಇಲ್ಲೂ ಇರೋದು.

ಅವರು ಅಳೆದಿದ್ದು 14.5 ಅಲ್ಲ, 14. ಅದಕ್ಕೂ ಕಾರಣ ಇದೆ, ತೂಕ ಎಲ್ಲಾ ರಿಮ್ಮಲ್ಲಿ ಇಲ್ಲ, ಹಬ್ ನಡುವಲ್ಲಿದೆ, ಅದು ವಾಲಿಸೋಕೆ ಸಹಾಯ ಮಾಡುತ್ತೆ ಆದ್ರೆ ತಿರುಗೋ ಲೆಕ್ಕಕ್ಕೆ ಏನೂ ಸೇರಿಸಲ್ಲ. ಹಾಗಾಗಿ ಸ್ವಲ್ಪ ಬೇಗ ಸುತ್ತುತ್ತೆ.

ಲೆಕ್ಕದಪುಸ್ತಕ

ಸರಿ ಒಪ್ಕೊಂಡೆ, ಓಟದ ದಿಕ್ಕು ತಿರುಗೋದನ್ನ ಸೇರಿಸಿ ಮತ್ತೆ ಹಾಕ್ದೆ, ಬಂತು. ಆದ್ರೆ ಇನ್ನೊಂದು ಕೊಕ್ಕೆ ಇದೆ. ನೀವು ಹೇಳಿದ್ದೆಲ್ಲ ಆಗಲೇ ಸುತ್ತು ಹಾಕ್ತಿರೋ ಗಾಲಿ ಬಗ್ಗೆ. ಕೈ ಬಿಟ್ಟ ಆ ಕ್ಷಣದಲ್ಲಿ ಆಕ್ಸೆಲ್ ನಿಂತಿರುತ್ತೆ. ನಿಂತಿದ್ದು ಪಕ್ಕಕ್ಕೆ ಚಲಿಸೋಕೆ ಶುರು ಮಾಡಿದ್ರೆ ಅದಕ್ಕೆ ಶಕ್ತಿ ಎಲ್ಲಿಂದ ಬಂತು?

ತಿರುಗಣಿ

ಬೀಳೋದರಿಂದ. ಇದೇ ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟದ ಜಾಗ. "ಬೀಳಲ್ಲ" ಅನ್ನೋದು ನಿಜ ಅಲ್ಲ, ಅದು ಸ್ವಲ್ಪ ಬೀಳುತ್ತೆ. ಕೈ ಬಿಟ್ಟ ತಕ್ಷಣ ಮೊದಲು ಕೆಳಗೇ ಇಳಿಯುತ್ತೆ, ಎಲ್ಲ ವಸ್ತುಗಳ ಹಾಗೆ. ಇಳೀತಿದ್ದ ಹಾಗೇ ಆ ಇಳಿತದಿಂದ್ಲೇ ಪಕ್ಕದ ಚಲನೆ ಹುಟ್ಟುತ್ತೆ. ಪಕ್ಕದ ಚಲನೆ ಜೋರಾದ ಹಾಗೆ ಅದು ಆಕ್ಸೆಲ್‌ನ್ನ ಮತ್ತೆ ಮೇಲಕ್ಕೆ ಎತ್ತುತ್ತೆ, ಎತ್ತಿದಾಗ ಪಕ್ಕದ ಚಲನೆ ತಗ್ಗುತ್ತೆ, ಮತ್ತೆ ಇಳಿಯುತ್ತೆ. ಹೀಗೆ ತುದಿ ಸಣ್ಣ ಸಣ್ಣ ಕಮಾನು ಹಾಕ್ಕೊಂಡು ಹೋಗುತ್ತೆ.

@ಹಳೇಗಾಲಿ ನಿಮ್ಮ ಗಾಲೀಲಿ ಇದು ಎಷ್ಟು ಅಂತ ಹಾಕಿ ನೋಡ್ದೆ. ಗಾಲಿ ನಡು ಹೆಚ್ಚಂದ್ರೆ 2 ಮಿ.ಮೀ. ಇಳಿಯುತ್ತೆ, ಸರಾಸರಿ ಬಿಟ್ಟ ಮಟ್ಟಕ್ಕಿಂತ 1 ಮಿ.ಮೀ. ಕೆಳಗೆ ಓಡಾಡುತ್ತೆ, ಸೆಕೆಂಡಿಗೆ ಆರೂವರೆ ಸಲ ಕುಣಿಯುತ್ತೆ. ಹಗ್ಗ, ಟೈರಿನ ಮೆತ್ತಗಿನ ರಬ್ಬರ್ ಆ ಕುಣಿತವನ್ನ ಬೇಗ ನುಂಗಿಹಾಕುತ್ತೆ, ಅದಕ್ಕೇ ಕಣ್ಣಿಗೆ ಬೀಳಲ್ಲ. ಆ 1 ಮಿ.ಮೀ. ಇಳಿತ ಮಾತ್ರ ಹಾಗೇ ಉಳಿಯುತ್ತೆ.

ಈಗ ವೇಗ ಅರ್ಧ ಮಾಡಿ, ಸೆಕೆಂಡಿಗೆ 2 ಸುತ್ತು. ಇಳಿತ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತೆ, ಪ್ರದಕ್ಷಿಣೆ ಮಾತ್ರ 7 ಸೆಕೆಂಡಿಗೆ ಬರುತ್ತೆ. ಸೆಕೆಂಡಿಗೆ 1 ಸುತ್ತು ಆದ್ರೆ ಇಳಿತ 3 ಸೆಂ.ಮೀ. ದಾಟುತ್ತೆ, ಆಗ ಬರಿಗಣ್ಣಿಗೇ ಧಿಮ್ ಧಿಮ್ ಅಂತ ಕುಣಿಯೋದು ಕಾಣುತ್ತೆ. ಇನ್ನೂ ನಿಧಾನ ಮಾಡಿದ್ರೆ ಇಳಿತಾನೇ ಪೂರ್ತಿ ಆವರಿಸಿಕೊಳ್ಳುತ್ತೆ, ಅದನ್ನ ನಾವು "ಬಿತ್ತು" ಅಂತೀವಿ. ಬೀಳೋದಕ್ಕೂ ಪಕ್ಕಕ್ಕೆ ಹೋಗೋದಕ್ಕೂ ನಡುವೆ ಗೋಡೆ ಏನೂ ಇಲ್ಲ, ಒಂದೇ ದಾರಿಯ ಎರಡು ತುದಿ.

ಹಳೇಗಾಲಿ

ಗಾಲಿ ನಿಧಾನ ಮಾಡಿ ಈಗಷ್ಟೇ ಬಿಟ್ಟು ನೋಡಿದೆ, ನೀವು ಹೇಳಿದ ಕುಣಿತ ಕಂಡ್ತು!! ಇಷ್ಟು ದಿನ ಅದನ್ನ ನನ್ನ ಕೈ ನಡುಕ ಅಂತ ತಿಳ್ಕೊಂಡು, ನೆಟ್ಟಗೆ ಬಿಡೋಕೆ ಬರ್ತಿಲ್ಲ ಅಂತ ಮತ್ತೆ ಮತ್ತೆ ಮಾಡ್ತಿದ್ದೆ.

ಕಬ್ಬಿಣಕೈ

ನಂದೊಂದು ಅನುಭವ ಹೇಳ್ತೀನಿ, ಸಂಬಂಧ ಇದೆಯೋ ಇಲ್ವೋ ನೀವೇ ಹೇಳಿ. ನಾನು ವೆಲ್ಡಿಂಗ್ ಕೆಲಸದೋನು. ಕೈ ಗ್ರೈಂಡರ್ 11,000 ಆರ್‌ಪಿಎಂದು. ಒಂದ್ ದಿನ ಸ್ವಿಚ್ ಆಫ್ ಮಾಡಿ, ಡಿಸ್ಕ್ ಇನ್ನೂ ಓಡ್ತಿರುವಾಗಲೇ ಪಕ್ಕಕ್ಕೆ ಇಡೋಣ ಅಂತ ಗಬಕ್ಕನೆ ಮೈ ತಿರುಗಿಸ್ದೆ. ನಾನು ತಿರುಗಿಸಿದ್ದು ಎಡಕ್ಕೆ, ಅದು ಕೈಯಲ್ಲಿ ಮೂತಿ ಕೆಳಗೆ ಮಾಡ್ಕೊಂಡು ತಿರುಚ್ಕೊಳ್ತು, ಪ್ಯಾಂಟ್ ಹರೀತು, ತೊಡೆಗೆ ಗೆರೆ ಎಳೀತು. ಯಾವುದಕ್ಕೂ ತಗುಲಿರ್ಲಿಲ್ಲ, ಗಾಳೀಲೇ ಇತ್ತು. ಜೊತೆ ಕೆಲಸ ಮಾಡೋರು ಕಿಕ್‌ಬ್ಯಾಕ್ ಅಂದ್ರು.

ತಿರುಗಣಿ

ಅಣ್ಣ, ಸಂಬಂಧ ಇದೆ. ಕಿಕ್‌ಬ್ಯಾಕ್ ಅಂದ್ರೆ ಡಿಸ್ಕ್ ಕಬ್ಬಿಣದಲ್ಲಿ ಕಚ್ಚಿಕೊಂಡಾಗ ಒದೆಯೋದು, ನಿಮ್ಮದು ಅದಲ್ಲ. ಗಾಲೀಲಿ ತಿರುಚು ಕೊಟ್ರೆ ಪಕ್ಕಕ್ಕೆ ಚಲನೆ ಬರುತ್ತೆ, ನೀವು ಚಲನೆಯನ್ನ ಬಲವಂತವಾಗಿ ಕೊಟ್ರಿ, ತಿರುಚು ನಿಮ್ಮ ಮಣಿಕಟ್ಟಿಗೆ ಬಂತು. ಡಿಸ್ಕ್ ಹಗುರ ಆದ್ರೂ 11,000 ಸುತ್ತು ಅಂದ್ರೆ ಸೆಕೆಂಡಿಗೆ 180ರ ಮೇಲೆ, ಅದಕ್ಕೆ ಕೈಗೆ ತಿಳಿಯುತ್ತೆ. ನಿಧಾನಕ್ಕೆ ತಿರುಗಿಸಿದ್ರೆ ಅಷ್ಟೇ ಪ್ರಮಾಣದಲ್ಲಿ ತಿರುಚೂ ಕಮ್ಮಿ. ಡಿಸ್ಕ್ ನಿಲ್ಲೋವರೆಗೂ ಮೈ ತಿರುಗಿಸ್ಬೇಡಿ.

ಕಬ್ಬಿಣಕೈ

ಈಗ ಹಾಗೇ ಮಾಡ್ತೀನಿ ಮೇಡಂ. ಯಾಕೆ ಅಂತ ಇವತ್ತು ಗೊತ್ತಾಯ್ತು.

ತಕ್ಕಡಿಮುಳ್ಳು

ಹಗ್ಗ ಪೂರ್ತಿ 2 ಕೆ.ಜಿ. ಹೊರುತ್ತೆ ಅಂತೀರಾ, ಆದ್ರೆ ಭಾರದ ಗಾಲಿಯನ್ನ ಉದ್ದ ಕೋಲಿನ ತುದೀಲಿ ತಿರುಗಿಸಿ ಒಂದೇ ಕೈಲಿ ಸಲೀಸಾಗಿ ತಲೆ ಮೇಲೆ ಎತ್ತೋ ವಿಡಿಯೋ ನೋಡಿದೀನಿ. ಎರಿಕ್ ಲೇತ್‌ವೇಟ್ ಅನ್ನೋ ಪ್ರೊಫೆಸರ್ 1974ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಉಪನ್ಯಾಸದಲ್ಲೇ ಇದನ್ನ ತೋರಿಸಿದ್ರಲ್ಲ. ತೂಕ ಕಮ್ಮಿ ಆಗದೇ ಹೇಗೆ ಎತ್ತೋಕಾಗುತ್ತೆ?

ತಿರುಗಣಿ

ಲೇತ್‌ವೇಟ್ ಸಾಮಾನ್ಯರಲ್ಲ, ಲೀನಿಯರ್ ಮೋಟರಿನ ದೊಡ್ಡ ಎಂಜಿನಿಯರ್. ಆದ್ರೆ ಗೈರೋಸ್ಕೋಪ್ ವಿಷಯದಲ್ಲಿ ಅವರ ವಾದ ನಿಲ್ಲಲಿಲ್ಲ. ಹಗ್ಗದ ಮೇಲೆ ಒಂದು ಸ್ಪ್ರಿಂಗ್ ತಕ್ಕಡಿ ಹಾಕಿ ನೋಡಿ, ಗಾಲಿ ನಿಂತಿದ್ರೂ ಸುತ್ತುತ್ತಿದ್ರೂ 2 ಕೆ.ಜಿ.ಯೇ. ಕೈ ಬಿಟ್ಟ ಆ ಒಂದು ಗಳಿಗೆ ಇಳಿಯುವಾಗ ಮಾತ್ರ ಮುಳ್ಳು ಸ್ವಲ್ಪ ಅಲುಗುತ್ತೆ. ಕೋಲಿನ ತುದೀಲಿ ಭಾರ ಹಿಡಿದಾಗ ನಮಗೆ ಕಷ್ಟ ಆಗೋದು ತೂಕದಿಂದ ಅಷ್ಟಾಗಿ ಅಲ್ಲ, ಮಣಿಕಟ್ಟು ತಿರುಚೋದ್ರಿಂದ. ಗಾಲಿ ಸುತ್ತು ಹಾಕ್ತಿದ್ರೆ ಆ ತಿರುಚು ತಡೆಯೋ ಕೆಲಸ ಮಣಿಕಟ್ಟಿಗಿಲ್ಲ, ಬರೀ ತೂಕ ಹೊತ್ರೆ ಸಾಕು.

ಬೆರಳಲ್ಲಿ ಇದನ್ನ ನೋಡ್ಬಹುದು @ಹಳೇಗಾಲಿ. ಸುತ್ತು ಹಾಕ್ತಿರೋ ಆಕ್ಸೆಲ್‌ಗೆ ಪಕ್ಕದಿಂದ ಬೆರಳು ಅಡ್ಡ ಇಟ್ಟು ಪ್ರದಕ್ಷಿಣೆ ತಡೀರಿ. ಗಾಲಿ ಅಷ್ಟೇ ಜೋರಾಗಿ ತಿರುಗ್ತಿದ್ರೂ ಆ ಕ್ಷಣವೇ ಕೆಳಗೆ ವಾಲುತ್ತೆ. ಅದನ್ನೇ ಸುತ್ತೋ ದಿಕ್ಕಲ್ಲೇ ಮೆಲ್ಲಗೆ ದೂಡಿ, ಆಕ್ಸೆಲ್ ಮೇಲಕ್ಕೆ ಏಳುತ್ತೆ. ವಿಡಿಯೋದಲ್ಲಿ ತಲೆ ಮೇಲೆ ಎತ್ತೋರು ಮೈ ತಿರುಗಿಸಿ ಈ ದೂಡೋ ಕೆಲಸಾನೂ ಮಾಡ್ತಿರ್ತಾರೆ, ಗಮನಿಸಿ ನೋಡಿ. ಹಗ್ಗದ ಸಿಕ್ಕು, ಗಾಳಿ ಇವೂ ಪ್ರದಕ್ಷಿಣೆಯನ್ನ ನಿಮ್ಮ ಬೆರಳಿನ ಹಾಗೇ ಚೂರು ಚೂರು ತಡೀತವೆ, ಅದಕ್ಕೇ ಗಾಲಿ ಹೊತ್ತಾದ ಹಾಗೆ ಬಾಗ್ತಾ ಹೋಗೋದು.

ತಕ್ಕಡಿಮುಳ್ಳು

ಸ್ಪ್ರಿಂಗ್ ತಕ್ಕಡಿ ನನ್ನ ಹತ್ರ ಇದೆ, ಅಳೆದ ಮೇಲೇ ಒಪ್ಪೋದು.

ಮೊಳೆಬುಗುರಿ

ದೂಡಿದ್ರೆ ಮೇಲೇಳುತ್ತೆ ಅಂದ್ರಲ್ಲ, ಅದಕ್ಕೇ ಕೇಳ್ತೀನಿ. ಚಾಟಿ ಸುತ್ತಿ ಬುಗುರಿ ಬಿಟ್ಟಾಗ ಮೊದಲು ಓರೆಯಾಗಿ ವಾಲಾಡುತ್ತೆ, ಆಮೇಲೆ ತಾನಾಗೇ ನೆಟ್ಟಗಾಗಿ ಅಲುಗದ ಹಾಗೆ ನಿಲ್ಲುತ್ತೆ. ಅಲ್ಲಿ ದೂಡೋರು ಯಾರೂ ಇಲ್ಲ.

ತಿರುಗಣಿ

ಮೊಳೆ ತುದಿ ದೂಡುತ್ತೆ. ತುದಿ ಚೂಪಾಗಿರಲ್ಲ, ಗುಂಡಗಿರುತ್ತೆ. ಓರೆ ಇದ್ದಾಗ ಆ ಗುಂಡಿನ ಪಕ್ಕ ನೆಲಕ್ಕೆ ತಾಗಿ ಉಜ್ಜುತ್ತೆ, ಆ ಘರ್ಷಣೆ ಬುಗುರಿಯನ್ನ ಸುತ್ತೋ ದಿಕ್ಕಲ್ಲೇ ಅವಸರ ಪಡಿಸುತ್ತೆ, ಬುಗುರಿ ಏಳುತ್ತೆ.

ಮೊಳೆಬುಗುರಿ

ಹಾಗಾದ್ರೆ ಮೊಳೆ ಅರ ಹಾಕಿ ಸೂಜಿ ಥರ ಮಾಡಿದ್ರೆ ಏಳಬಾರ್ದು. ನಾನು ಚೂಪು ಮೊಳೆದೂ ಆಡಿದೀನಿ, ಅದೂ ಏಳುತ್ತೆ, ನಿಧಾನಕ್ಕೆ ಆದ್ರೂ ಏಳುತ್ತೆ.

ಲೆಕ್ಕದಪುಸ್ತಕ

ಮಣ್ಣು ನೆಲ ಆದ್ರೆ ಚೂಪು ಮೊಳೆ ಕುಳಿ ಕೊರ್ಕೊಳುತ್ತೆ, ಕುಳಿ ಅಂಚು ಮೊಳೆ ಪಕ್ಕಕ್ಕೆ ಉಜ್ಜುತ್ತಲ್ಲ, ಗುಂಡು ತುದಿ ಇದ್ದ ಹಾಗೇ ಆಯ್ತು. ಗಾಜಿನ ಮೇಲೆ ಬಿಟ್ಟು ನೋಡಿದೀರಾ?

ಮೊಳೆಬುಗುರಿ

ಗಾಜಿನ ಮೇಲೆ ಬಿಟ್ಟಿಲ್ಲ. ಎರಡು ಬುಗುರಿ ಒಂದೇ ತೂಕದ್ದು ಇದಾವೆ, ಒಂದಕ್ಕೆ ಗುಂಡು ಮೊಳೆ, ಒಂದಕ್ಕೆ ಚೂಪು ಹೊಡೆದು, ಗಾಜಿನ ಮೇಲೂ ಮಣ್ಣಿನ ಮೇಲೂ ಬಿಟ್ಟು ಏಳೋಕೆ ಎಷ್ಟು ಸೆಕೆಂಡ್ ಅಂತ ಬರೀತೀನಿ.

ಹಳೇಗಾಲಿ

ಬೆರಳು ಅಡ್ಡ ಇಟ್ಟೆ. ಧೊಪ್ ಅಂತ ವಾಲ್ತು. ಮಗಳು ಈಗ ಬೆರಳು ತೆಗೆಯೋದು ಇಡೋದು ಮಾಡ್ತಾ ಕೂತಿದಾಳೆ, ತೆಗೆದಾಗೆಲ್ಲ ವಾಲಿದ ಮಟ್ಟದಲ್ಲೇ ಮತ್ತೆ ಎಡಕ್ಕೆ ಹೊರಡ್ತಿದೆ.